ಗಣಿತ ಪರೀಕ್ಷೆಯ ಕೊನೆಯ ಹದಿನೈದು ನಿಮಿಷ: ನಾನು ಹೇಗೆ ಉಳಿಸಿದೆ, ಹೇಗೆ ಬಳಸಿದೆ

ಎಸ್ಸೆಸ್ಸೆಲ್ಸಿ ಗಣಿತ ಪತ್ರಿಕೆ 80 ಅಂಕಗಳದ್ದು, ಪ್ರಶ್ನೆಗಳು 38. ಕೊಡುವ ಸಮಯ 3 ಗಂಟೆ 15 ನಿಮಿಷ. ಅದರಲ್ಲಿ ಮೊದಲ 15 ನಿಮಿಷ ಪ್ರಶ್ನೆ ಪತ್ರಿಕೆ ಓದೋಕೆ ಹೋಗುತ್ತೆ, ಬರೆಯೋಕೆ ಸಿಗುವುದು 180 ನಿಮಿಷ. ಮಾರ್ಕಿಗೆ ಎರಡು ನಿಮಿಷ ಅಂತ ಹಿಡಿದರೆ 160 ನಿಮಿಷಕ್ಕೆ ಪತ್ರಿಕೆ ಮುಗಿಯಬೇಕು. ಆಚೀಚೆ ಆಗೋದಕ್ಕೆ ಐದು ನಿಮಿಷ ಬಿಟ್ಟರೂ ಹದಿನೈದು ನಿಮಿಷ ಕೈಯಲ್ಲಿ ಉಳಿಯುತ್ತೆ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇದೆ. ಆದರೆ ಬರೆಯೋಕೆ ಕೂತಾಗ ಆ ಹದಿನೈದು ನಿಮಿಷ ಎಲ್ಲಿ ಹೋಗುತ್ತೆ ಅನ್ನೋದು ಹಳೇ ಪ್ರಶ್ನೆ ಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆದಾಗಲೇ ನನಗೆ ಗೊತ್ತಾಗಿದ್ದು.

ಪರೀಕ್ಷಾ ಮಂಡಳಿಯ ಹಳೇ ಪತ್ರಿಕೆ, ಮಾದರಿ ಪತ್ರಿಕೆಗಳನ್ನು ಪ್ರಿಂಟ್ ತೆಗೆಸಿಕೊಂಡಿದ್ದೆ. ಭಾನುವಾರ ಬೆಳಗ್ಗೆ ಒಂದೇ ಪಟ್ಟಿಗೆ ಕೂತು ಪೂರ್ತಿ ಬರೆಯುತ್ತಿದ್ದೆ. ಒಂದೊಂದು ವಿಭಾಗ ಮುಗಿದಾಗಲೂ ಅಂಚಿನಲ್ಲಿ ಗಂಟೆ ಎಷ್ಟಾಯ್ತು ಅಂತ ಬರೆದುಕೊಳ್ಳುತ್ತಿದ್ದೆ. ಸಮಯ ನುಂಗುತ್ತಿದ್ದದ್ದು ಕಷ್ಟದ ಐದು ಮಾರ್ಕಿನ ಪ್ರಶ್ನೆ ಅಲ್ಲ. ಮೂರು ಮಾರ್ಕಿನ ಒಂಬತ್ತು ಪ್ರಶ್ನೆಗಳಲ್ಲಿ ಒಂದೆರಡು ಗಂಟು ಬಿದ್ದು, ಅಲ್ಲೇ ಗುದ್ದಾಡುತ್ತಾ ಕೂರುವುದು. ಅದಕ್ಕೆ ಒಂದು ಕಟ್ಟುನಿಟ್ಟು ಮಾಡಿಕೊಂಡೆ: ಎರಡು ನಿಮಿಷ ಕಳೆದರೂ ಮುಂದಿನ ಸಾಲು ಹೊಳೆಯದಿದ್ದರೆ ಅರ್ಧ ಪುಟ ಖಾಲಿ ಬಿಟ್ಟು ಮುಂದೆ ಹೋಗುವುದು. ಜಾಗ ಬಿಡದೆ ಹೋದರೆ ಆಮೇಲೆ ಉತ್ತರ ಎಲ್ಲೋ ಕೊನೆಯಲ್ಲಿ ತುರುಕಬೇಕಾಗುತ್ತೆ.

ಹೀಗೆ ಬರೆದೂ ಬರೆದೂ ನನಗೊಂದು ಟೈಮ್ ಟೇಬಲ್ ಕೂಡಿತು. ಒಂದು ಮಾರ್ಕಿನ ಹದಿನಾರು ಪ್ರಶ್ನೆ 20ನೇ ನಿಮಿಷಕ್ಕೆ ಮುಗಿಯಬೇಕು. ಎರಡು ಮಾರ್ಕಿನವು 50ಕ್ಕೆ, ಮೂರು ಮಾರ್ಕಿನವು 115ಕ್ಕೆ, ನಾಲ್ಕು ಮಾರ್ಕಿನವು 150ಕ್ಕೆ, ಐದು ಮಾರ್ಕಿನದು 162ಕ್ಕೆ. ಒಂದು ಮಾರ್ಕಿನ ಪ್ರಶ್ನೆಗಳಲ್ಲಿ ಉಳಿಸಿದ್ದನ್ನು ಮೂರು ಮಾರ್ಕಿನವಕ್ಕೆ ಕೊಟ್ಟಿದ್ದೆ ಅನ್ನೋದನ್ನು ಗಮನಿಸಿ. ಎಲ್ಲಕ್ಕೂ ಸಮನಾಗಿ ಮಾರ್ಕಿಗೆ ಎರಡು ನಿಮಿಷ ಅಂತ ಹಂಚಿದ್ದರೆ ನನಗೆ ಆಗುತ್ತಿರಲಿಲ್ಲ.

ಇನ್ನು ಉಳಿದ ಹದಿನೈದು ನಿಮಿಷದಲ್ಲಿ ಏನು ಮಾಡಬೇಕು? ಇದನ್ನು ತಿಳಿಯೋಕೆ ನಾನು ಒಂದು ಉಪಾಯ ಮಾಡಿದೆ. ಮನೆಯಲ್ಲಿ ಬರೆಯುವಾಗ 165ನೇ ನಿಮಿಷಕ್ಕೆ ನೀಲಿ ಪೆನ್ನು ಕೆಳಗಿಟ್ಟು ಹಸಿರು ಪೆನ್ನು ತೆಗೆದುಕೊಳ್ಳುತ್ತಿದ್ದೆ. ಅಲ್ಲಿಂದ ಮುಂದೆ ಏನು ತಿದ್ದಿದರೂ ಹಸಿರಲ್ಲೇ. ಆಮೇಲೆ ಮಾದರಿ ಉತ್ತರ ಇಟ್ಟುಕೊಂಡು ತಿದ್ದುವಾಗ, ಹಸಿರು ಪೆನ್ನು ಎಷ್ಟು ಮಾರ್ಕು ತಂದಿತು, ಎಷ್ಟು ಕಳೆಯಿತು ಅಂತ ನೇರವಾಗಿ ಕಾಣುತ್ತಿತ್ತು.

ಕಂಡದ್ದು ಇಷ್ಟು. ಬರೆದಿದ್ದನ್ನು ಮೊದಲಿಂದ ಸುಮ್ನೆ ಓದಿಕೊಂಡು ಹೋದರೆ ಏನೂ ಸಿಗುವುದಿಲ್ಲ. 7 × 8 = 54 ಅಂತ ಬರೆದ ಕಣ್ಣು ಎರಡನೇ ಸಲವೂ ಅದನ್ನೇ ಸರಿ ಅಂತ ಓದುತ್ತೆ. ಹಸಿರಲ್ಲಿ ಮಾರ್ಕು ಬಂದಿದ್ದೆಲ್ಲಾ ಬೇರೆ ದಾರಿಯಿಂದ ಬಂದು ತಾಳೆ ನೋಡಿದ ಕಡೆಯೇ.

ಮಧ್ಯಾಂಕದ ಲೆಕ್ಕವನ್ನೇ ತಗೊಳ್ಳಿ. ವರ್ಗಾಂತರ 0–10, 10–20, 20–30, 30–40, 40–50. ಆವೃತ್ತಿ 5, 8, 12, 10, 5. ಒಟ್ಟು 40, ಅರ್ಧ 20. ಸಂಚಿತ ಆವೃತ್ತಿ 5, 13, 25, 35, 40. ಇಪ್ಪತ್ತನೆಯದು 20–30ರಲ್ಲಿ ಬರುತ್ತೆ. ಸೂತ್ರದಲ್ಲಿ ಹಾಕಬೇಕಾದದ್ದು ಹಿಂದಿನ ವರ್ಗಾಂತರದ ಸಂಚಿತ ಆವೃತ್ತಿ, ಅಂದರೆ 13. ಅವಸರದಲ್ಲಿ ಜಾಸ್ತಿ ಜನ ಅದೇ ಸಾಲಿನ 25 ಹಾಕಿಬಿಡುತ್ತಾರೆ. ಸರಿಯಾಗಿ ಮಾಡಿದರೆ:

```
20 + ((20 − 13)/12) × 10 = 25.83
```

25 ಹಾಕಿದರೆ 15.83 ಬರುತ್ತೆ. ಇದನ್ನು ಹಿಡಿಯೋಕೆ ಲೆಕ್ಕ ಮತ್ತೆ ಮಾಡಬೇಕಾಗಿಲ್ಲ. ಮಧ್ಯಾಂಕ ತನ್ನ ವರ್ಗಾಂತರದ ಒಳಗೇ ಇರಬೇಕು. 15.83 ಅನ್ನೋದು 20–30ರ ಹೊರಗಿದೆ, ತಪ್ಪು. ಐದೇ ಸೆಕೆಂಡಿನ ಕೆಲಸ. ಜೊತೆಗೆ ಕೊನೆಯ ಸಂಚಿತ ಆವೃತ್ತಿ ಒಟ್ಟು ಮೊತ್ತಕ್ಕೆ ಸಮ ಇದೆಯಾ ಅಂತಲೂ ನೋಡಿಕೊಳ್ಳುತ್ತಿದ್ದೆ; ಕೂಡೋದು ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತೆ. ಆದರೆ ಒಂದು ಮಿತಿ ಇದೆ. ಉತ್ತರ ವರ್ಗಾಂತರದ ಒಳಗೆ ಬಂತು ಅಂದ ಮಾತ್ರಕ್ಕೆ ಸರಿ ಅಂತ ಅಲ್ಲ, ಭಾಗಾಕಾರ ತಪ್ಪಿದ್ದರೂ ಒಳಗೇ ಬೀಳಬಹುದು.

ವರ್ಗಸಮೀಕರಣಕ್ಕೆ ಇದಕ್ಕಿಂತ ಗಟ್ಟಿ ಪರೀಕ್ಷೆ ಇದೆ. 2x² − 5x + 3 = 0 ಕ್ಕೆ ಮೂಲಗಳು 1 ಮತ್ತು 3/2 ಅಂತ ಬಂದಿದ್ದರೆ, ಮೊತ್ತ 5/2 ಆಗಬೇಕು, ಗುಣಲಬ್ಧ 3/2 ಆಗಬೇಕು. ಎರಡೂ ತಾಳೆಯಾದರೆ ಉತ್ತರ ಸರಿ, ಮತ್ತೆ ನೋಡೋದು ಬೇಡ. ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣದಲ್ಲಿ x, y ಬೆಲೆಯನ್ನು ಎರಡೂ ಸಮೀಕರಣಕ್ಕೆ ಹಾಕಿ ನೋಡಬೇಕು. y ಕಂಡುಹಿಡಿಯೋಕೆ ಬಳಸಿದ ಸಮೀಕರಣಕ್ಕಷ್ಟೇ ಹಾಕಿದರೆ ಪ್ರಯೋಜನ ಇಲ್ಲ, x ತಪ್ಪಿದ್ದರೂ ಅದು ಕೂಡಿಬರುತ್ತೆ. ಗ್ರಾಫಿನ ಪ್ರಶ್ನೆಗೂ ಇದೇ: ಎರಡು ಗೆರೆ ಕೂಡುವ ಬಿಂದುವನ್ನು ಎರಡೂ ಸಮೀಕರಣಕ್ಕೆ ಹಾಕುವುದು.

ಇವ್ಯಾವುದೂ ಹಿಡಿಯದ ತಪ್ಪು ಒಂದಿದೆ: ಪ್ರಶ್ನೆಯನ್ನೇ ತಪ್ಪಾಗಿ ಓದಿರುವುದು. ಆಯತದ ಉದ್ದ ಅಗಲಕ್ಕಿಂತ 3 ಸೆಂ.ಮೀ. ಜಾಸ್ತಿ, ವಿಸ್ತೀರ್ಣ 40 ಚ.ಸೆಂ.ಮೀ. ಅಂತ ಕೊಟ್ಟಿರುತ್ತಾರೆ. x = 5 ಅಂತ ಬಂದ ಕೂಡಲೇ ಪೆನ್ನು ನಿಂತುಬಿಡುತ್ತೆ. ಕೇಳಿದ್ದು ಉದ್ದವೋ, ಸುತ್ತಳತೆಯೋ? ಘನಾಕೃತಿಗಳಲ್ಲಿ ವ್ಯಾಸ ಕೊಟ್ಟಿರುತ್ತಾರೆ, ನಾವು ತ್ರಿಜ್ಯ ಅಂದುಕೊಂಡಿರುತ್ತೇವೆ. ವಕ್ರ ಮೇಲ್ಮೈ ಕೇಳಿದ್ದಕ್ಕೆ ಪೂರ್ಣ ಮೇಲ್ಮೈ ಬರೆದಿರುತ್ತೇವೆ. ಅದಕ್ಕೇ ನಾನು ಪದಸಮಸ್ಯೆಗಳಲ್ಲಿ ನನ್ನ ಉತ್ತರ ಓದುತ್ತಿರಲಿಲ್ಲ. ಪ್ರಶ್ನೆಯ ಕೊನೆಯ ವಾಕ್ಯ ಓದಿ, ಉತ್ತರದ ಕೊನೆಯ ಸಾಲನ್ನು ಅದರ ಪಕ್ಕ ಇಟ್ಟು ನೋಡುತ್ತಿದ್ದೆ.

ಪರೀಕ್ಷಾ ಹಾಲ್‌ನಲ್ಲಿ ಕ್ರಮ ಹೀಗಿತ್ತು. ಮೊದಲು ಎರಡು ನಿಮಿಷ 1ರಿಂದ 38ರ ತನಕ ಪ್ರಶ್ನೆ ಸಂಖ್ಯೆ ಎಣಿಸಿ, ಯಾವುದಾದರೂ ಬಿಟ್ಟುಹೋಗಿದೆಯಾ ಅಂತ ನೋಡುವುದು. ಆಮೇಲೆ ಬಹುಆಯ್ಕೆ: ಕ್ರಮಾಕ್ಷರದ ಜೊತೆ ಪೂರ್ಣ ಉತ್ತರವನ್ನೂ ಬರೆಯಬೇಕು ಅಂತ ಅಲ್ಲಿ ಸೂಚನೆ ಇರುತ್ತೆ, ಅಕ್ಷರಕ್ಕೂ ಉತ್ತರಕ್ಕೂ ಹೊಂದಿಕೆ ಇದೆಯಾ ಅಂತ ಒಂದು ಕಣ್ಣು. ಇಲ್ಲಿ ಬರೀ ಅನುಮಾನದ ಮೇಲೆ ಏನನ್ನೂ ಬದಲಾಯಿಸುತ್ತಿರಲಿಲ್ಲ. ಹಸಿರು ಪೆನ್ನು ಮಾರ್ಕು ಕಳೆದದ್ದು ಹೆಚ್ಚಾಗಿ ಅಲ್ಲೇ. ಮಿಕ್ಕ ಹತ್ತು ನಿಮಿಷ ಡೌಟ್ ಇದ್ದ ಪ್ರಶ್ನೆಗಳಿಗೆ. ಅವುಗಳ ನಂಬರನ್ನು ಬರೆಯುವಾಗಲೇ ಕಚ್ಚಾ ಕೆಲಸದ ಜಾಗದಲ್ಲಿ ಗುರುತು ಹಾಕಿಕೊಂಡಿರುತ್ತಿದ್ದೆ, ಹುಡುಕೋಕೆ ಸಮಯ ಹೋಗಬಾರದಲ್ವಾ.

ತಪ್ಪು ಸಿಕ್ಕಿದರೆ ತಕ್ಷಣ ಇಡೀ ಉತ್ತರಕ್ಕೆ ಅಡ್ಡಗೆರೆ ಎಳೆಯುತ್ತಿರಲಿಲ್ಲ. ಗಣಿತದಲ್ಲಿ ಹಂತಹಂತಕ್ಕೂ ಮಾರ್ಕಿದೆ. ಮೂರು ಮಾರ್ಕಿನದರಲ್ಲಿ ಸೂತ್ರ, ಬೆಲೆ ಹಾಕಿದ್ದು ಸರಿಯಿದ್ದರೆ ಕೊನೆಯ ಎರಡು ಸಾಲಷ್ಟೇ ಹೊಡೆದು ಕೆಳಗೆ ಸರಿಯಾಗಿ ಬರೆಯಬೇಕು. ಪೂರ್ತಿ ಹೊಸದಾಗಿ ಬರೆಯಲೇಬೇಕು ಅಂದರೆ, ಹೊಸದು ಮುಗಿದ ಮೇಲೆ ಹಳೆಯದನ್ನು ಹೊಡೆಯುವುದು. ಕೊನೆಯ ಮೂರು ನಿಮಿಷದಲ್ಲಿ ಹೊಸ ಲೆಕ್ಕ ಶುರು ಮಾಡುತ್ತಲೇ ಇರಲಿಲ್ಲ. ಏಕಮಾನ ಬಿಟ್ಟುಹೋಗಿದೆಯಾ, ನೋಂದಣಿ ಸಂಖ್ಯೆ ಸರಿ ಇದೆಯಾ, ಇಷ್ಟೇ.

ಇದೇ ಪದ್ಧತಿ ಸಮಾಜ ವಿಜ್ಞಾನಕ್ಕೆ ಒಗ್ಗಲಿಲ್ಲ. ಅಲ್ಲಿ ತಾಳೆ ನೋಡೋಕೆ ಬೇರೆ ದಾರಿ ಇಲ್ಲ, ನೆನಪಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಅದರಲ್ಲಿ ಐದೇ ನಿಮಿಷ ಉಳಿಸಿಕೊಂಡು, ಬಿಟ್ಟುಹೋದ ಅಂಶ ಸೇರಿಸೋಕೆ ಮತ್ತು ಭೂಪಟದಲ್ಲಿ ಹೆಸರು ಬರೆಯೋದು ಮರೆತಿದ್ದೇನಾ ಅಂತ ನೋಡೋಕೆ ಮಾತ್ರ ಬಳಸಿದೆ.