ಸಿಂಗಪುರದಲ್ಲಿ ಒಂಬತ್ತು ಗಂಟೆ: ಊರು ನೋಡಿ, ವಿಮಾನ ತಪ್ಪಿಸಿಕೊಳ್ಳದೆ ಬರುವುದು ಹೇಗೆ?

ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೀರಿ. ಬೆಂಗಳೂರಿನ ವಿಮಾನ ಬೆಳಗ್ಗೆ 6ಕ್ಕೆ ಸಿಂಗಪುರದ ಚಾಂಗಿ ನಿಲ್ದಾಣದಲ್ಲಿ ಇಳಿಯುತ್ತದೆ. ಮುಂದಿನ ವಿಮಾನ ಮಧ್ಯಾಹ್ನ 3ಕ್ಕೆ. ಅಷ್ಟು ಹೊತ್ತು ಕುರ್ಚಿಯಲ್ಲೇ ಕೂರಬೇಕಾಗಿಲ್ಲ, ಮೆಟ್ರೊ ಹಿಡಿದು ಊರು ನೋಡಿ ಬರಬಹುದು.

ಮೊದಲು ಗಂಟೆಯ ಲೆಕ್ಕ ಹಾಕಿ. ಅದನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕು. ವಿಮಾನ 3ಕ್ಕೆ. ಚಾಂಗಿಯ 1, 2, 3ನೇ ಟರ್ಮಿನಲ್‌ಗಳಲ್ಲಿ ಭದ್ರತಾ ತಪಾಸಣೆ ಗೇಟಿನ ಬಾಗಿಲಲ್ಲೇ ನಡೆಯುತ್ತದೆ. ಹಾಗಾಗಿ 2ಕ್ಕೆ ಗೇಟಿನ ಹತ್ತಿರ ಇರಿ. ಇಮಿಗ್ರೇಷನ್‌ಗೆ, ನಡೆಯುವುದಕ್ಕೆ ಒಂದೂವರೆ ಗಂಟೆ ಇಟ್ಟುಕೊಂಡರೆ 12.30ಕ್ಕೆ ನಿಲ್ದಾಣ ತಲುಪಿರಬೇಕು. ರೈಲಿಗೆ ಒಂದು ಗಂಟೆ ಎಂದರೆ ಊರಿನಿಂದ 11.30ಕ್ಕೆ ಹೊರಡಬೇಕು. ಇಳಿದು ಹೊರಬಂದು ಊರು ಸೇರುವಾಗ ಸುಮಾರು 8 ಗಂಟೆ. ಕೈಗೆ ಸಿಗುವುದು ಮೂರೂವರೆ ಗಂಟೆ. ಎರಡು ವಿಮಾನಗಳ ನಡುವೆ ಆರು ಗಂಟೆಯಷ್ಟೇ ಇದ್ದರೆ ಇದೇ ಲೆಕ್ಕದಲ್ಲಿ ಅರ್ಧ ಗಂಟೆ ಮಾತ್ರ ಉಳಿಯುತ್ತದೆ. ಆಗ ಹೊರಗೆ ಹೋಗಬೇಡಿ.

ಇನ್ನು ಅನುಮತಿ. ಭಾರತದ ಪಾಸ್‌ಪೋರ್ಟ್‌ಗೆ ಸಿಂಗಪುರದ ವೀಸಾ ಬೇಕು. ಆದರೆ ಆಸ್ಟ್ರೇಲಿಯಾ, ಅಮೆರಿಕ, ಬ್ರಿಟನ್, ಕೆನಡಾದಂಥ ಕೆಲವು ದೇಶಗಳ ವೀಸಾ ಇದ್ದು, ಮೂರನೇ ದೇಶಕ್ಕೆ ಹೋಗುತ್ತಿರುವವರಿಗೆ 96 ಗಂಟೆಗಳವರೆಗೆ ವೀಸಾ ಇಲ್ಲದೆ ಒಳಗೆ ಬಿಡುವ ಸೌಲಭ್ಯವಿದೆ. ಆ ವೀಸಾಕ್ಕೆ ಸಿಂಗಪುರಕ್ಕೆ ಕಾಲಿಡುವ ದಿನದಿಂದ ಕನಿಷ್ಠ ಒಂದು ತಿಂಗಳ ಅವಧಿ ಉಳಿದಿರಬೇಕು, ಮುಂದಿನ ಟಿಕೆಟ್ ಖಚಿತವಾಗಿರಬೇಕು. ಕೊನೆಯ ಮಾತು ಮಾತ್ರ ಅಲ್ಲಿನ ಇಮಿಗ್ರೇಷನ್ ಅಧಿಕಾರಿಯದೇ. ಸಿಂಗಪುರದಲ್ಲಿ ಇಳಿಯುವ ದಿನವೂ ಸೇರಿ ಅದಕ್ಕೆ ಮುಂಚಿನ ಮೂರು ದಿನದೊಳಗೆ SG Arrival Card ಎಂಬ ಪ್ರವೇಶ ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಿ. ಸರ್ಕಾರಿ ಜಾಲತಾಣದಲ್ಲಿ ಇದು ಉಚಿತ. ದುಡ್ಡು ಕೇಳುವ ತಾಣ ಕಂಡರೆ ಬೇರೆಯವರದ್ದು ಎಂದೇ ತಿಳಿಯಿರಿ. ವೀಸಾ, ಟಿಕೆಟ್ ಎರಡನ್ನೂ ಕಾಗದದ ಮೇಲೆ ಇಟ್ಟುಕೊಳ್ಳಿ.

ಬೆಂಗಳೂರಿನ ಕೌಂಟರ್‌ನಲ್ಲೇ ಎರಡು ವಿಷಯ ಕೇಳಿ: ಬ್ಯಾಗು ನೇರವಾಗಿ ಮೆಲ್ಬರ್ನ್‌ಗೆ ಹೋಗುತ್ತದೆಯೇ, ಎರಡನೇ ಬೋರ್ಡಿಂಗ್ ಪಾಸ್ ಈಗಲೇ ಸಿಗುತ್ತದೆಯೇ? ಎರಡೂ ಟಿಕೆಟ್ ಬೇರೆ ಬೇರೆಯಾಗಿ ಕೊಂಡಿದ್ದರೆ ಬ್ಯಾಗು ನೀವೇ ಎತ್ತಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕಾಗಬಹುದು. ಆಗ ಮೇಲಿನ ಲೆಕ್ಕ ನಡೆಯದು. ಕೈಚೀಲದಲ್ಲಿ ತಂಬಾಕು, ಗುಟ್ಕಾ ಇದ್ದರೆ ಮನೆಯಲ್ಲೇ ಬಿಡಿ, ಸಿಂಗಪುರದಲ್ಲಿ ಜಗಿಯುವ ತಂಬಾಕಿಗೆ ನಿಷೇಧವಿದೆ.

ಇಳಿದ ತಕ್ಷಣ ಗಡಿಯಾರ ನೋಡಿ. ಅಲ್ಲಿನ ಸಮಯ ನಮಗಿಂತ ಎರಡೂವರೆ ಗಂಟೆ ಮುಂದೆ. ಕೈಗಡಿಯಾರ ಭಾರತದ ಸಮಯದಲ್ಲೇ ಉಳಿದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ನಿಲ್ದಾಣದ ಉಚಿತ ವೈಫೈನಲ್ಲಿ ನಕ್ಷೆ ಮತ್ತು ಮುಂದಿನ ವಿಮಾನದ ಟರ್ಮಿನಲ್ ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

ಮೆಟ್ರೊ ಸ್ಟೇಷನ್ 2 ಮತ್ತು 3ನೇ ಟರ್ಮಿನಲ್‌ಗಳ ಕೆಳಗಿದೆ. ಅಂತರರಾಷ್ಟ್ರೀಯ ಬಳಕೆಗೆ ಚಾಲೂ ಮಾಡಿದ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿನ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡನ್ನು ಗೇಟಿಗೆ ತೋರಿಸಿದರೆ ಸಾಕು. ಆದರೆ ಒಬ್ಬರಿಗೆ ಒಂದು ಕಾರ್ಡ್. ಗಂಡ ಹೆಂಡತಿ ಒಂದೇ ಕಾರ್ಡಿನಲ್ಲಿ ಹೋಗಲು ಆಗುವುದಿಲ್ಲ. ಒಳಗೆ ಹೋಗುವಾಗ ತೋರಿಸಿದ ಕಾರ್ಡನ್ನೇ ಹೊರಗೆ ಬರುವಾಗಲೂ ತೋರಿಸಬೇಕು. ರೈಲಿನಲ್ಲಿ ಏನೂ ತಿನ್ನಬೇಡಿ, ನೀರೂ ಕುಡಿಯಬೇಡಿ, ದಂಡ ಹಾಕುತ್ತಾರೆ.

ಎರಡನೇ ಸ್ಟೇಷನ್ ತನಾ ಮೆರಾ. ಅಲ್ಲಿ ಇಳಿದು ಹಸಿರು ಮಾರ್ಗದಲ್ಲಿ ಊರಿನ ಕಡೆ ಹೋಗುವ ರೈಲು ಹತ್ತಿ, ರಾಫಲ್ಸ್ ಪ್ಲೇಸ್‌ನಲ್ಲಿ ಇಳಿಯಿರಿ. ನದಿಯ ದಡಕ್ಕೆ ಬಂದರೆ ಸ್ವಲ್ಪ ದೂರದಲ್ಲೇ ಮರ್ಲಯನ್ ಪ್ರತಿಮೆ, ಎದುರಿಗೆ ಮರೀನಾ ಕೊಲ್ಲಿ. ಈ ಒಂದೇ ಜಾಗ ಸಾಕು. ಇನ್ನೊಂದು ಕಡೆಗೂ ಹೋಗಿ ಬರೋಣ ಅನ್ನಿಸುತ್ತದೆ, ಅಲ್ವಾ? ವಾಪಸಾತಿಗೆ ತಡವಾಗುವುದು ಅಲ್ಲಿಂದಲೇ.

ವಾಪಸ್ ಬರುವಾಗ ಜಾಸ್ತಿ ಎಚ್ಚರ ಬೇಕು. ರಾಫಲ್ಸ್ ಪ್ಲೇಸ್‌ನಲ್ಲಿ ಪಾಸಿರ್ ರಿಸ್ ಕಡೆಯ ರೈಲು ಹತ್ತಬೇಕು, ಆದರೆ ಅದು ವಿಮಾನ ನಿಲ್ದಾಣಕ್ಕೆ ಹೋಗುವುದಿಲ್ಲ. ತನಾ ಮೆರಾದಲ್ಲಿ ಇಳಿದು ಚಾಂಗಿ ರೈಲಿಗೆ ಬದಲಾಯಿಸಬೇಕು. ಕಣ್ಣು ಮುಚ್ಚಿ ಕೂತಿದ್ದರೆ ಮುಂದಿನ ಸ್ಟೇಷನ್ ಸಿಮೇ ಬಂದುಬಿಡುತ್ತದೆ. ಹೆದರಬೇಡಿ. ಅಲ್ಲಿ ಇಳಿದು, ವಾಪಸ್ ಒಂದು ಸ್ಟೇಷನ್ ಬನ್ನಿ.

ರೈಲು ನಿಂತುಹೋದರೆ ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯಬೇಡಿ. ಹೊರಗೆ ಬಂದು ಟ್ಯಾಕ್ಸಿ ಹಿಡಿಯಿರಿ, ರಸ್ತೆ ಖಾಲಿ ಇದ್ದರೆ ಅರ್ಧ ಗಂಟೆಯ ದಾರಿ. ಅದಕ್ಕೆಂದೇ ಸ್ವಲ್ಪ ಸಿಂಗಪುರ ಡಾಲರ್ ಬೇರೆ ತೆಗೆದಿಡಿ. ನಿಮ್ಮ ವಿಮಾನ 4ನೇ ಟರ್ಮಿನಲ್‌ನಿಂದ ಹೊರಡುವುದಾದರೆ ಅಲ್ಲಿಗೆ ಮೆಟ್ರೊ ಇಲ್ಲ, ಉಚಿತ ಬಸ್ಸಿನಲ್ಲಿ ಹೋಗಬೇಕು. ಆಗ 11.30ರ ಬದಲು 11ಕ್ಕೇ ಹೊರಡಿ.