ಮೇ 22ರ ನಂತರ ಕೊಟ್ಟಿದ್ದೀರಾ? ರಕ್ತದಾನ ಶಿಬಿರದ ಪೋಸ್ಟರ್‌ಗೆ ಕ್ಯಾಪ್ಷನ್ ಬರೆದ ನನ್ನ ಅನುಭವ

ರಕ್ತದಾನ ಶಿಬಿರದ ಪೋಸ್ಟರ್ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಒಂದು ಕೆಂಪು ಹನಿ, ಒಂದು ಘೋಷಣೆ, ಕೆಳಗೆ ಉದ್ಘಾಟನೆ ಯಾರು, ಅಧ್ಯಕ್ಷತೆ ಯಾರು ಅಂತ ಸಾಲು ಸಾಲು ಹೆಸರು. ಯಾರು ಕೊಡಬಹುದು, ಎಷ್ಟು ಹೊತ್ತಿಗೆ ಬರಬೇಕು ಅನ್ನುವುದು ಮಾತ್ರ ಮೂಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣಕ್ಷರದಲ್ಲಿ. ಮೊಬೈಲ್‌ನಲ್ಲಿ ಅದನ್ನು ದೊಡ್ಡದು ಮಾಡಿ ಓದುವ ತಾಳ್ಮೆ ಯಾರಿಗೂ ಇಲ್ಲ. ಹಾಗಾಗಿ ಪೋಸ್ಟರ್ ಜೊತೆ ವಾಟ್ಸಾಪ್‌ನಲ್ಲಿ, ಇನ್‌ಸ್ಟಾದಲ್ಲಿ ಹೋಗುವ ಬರಹವೇ ಆ ಕೆಲಸ ಮಾಡಬೇಕು. ಶಿವಮೊಗ್ಗದ ನಮ್ಮ ಕಾಲೇಜಿನ ಕ್ಲಬ್‌ನಲ್ಲಿ ಈ ಸಲ ಅದು ನನ್ನ ಪಾಲಿಗೆ ಬಂತು.

ಬರೆಯುವ ಮೊದಲು ಹಿಂದಿನ ಶಿಬಿರದಲ್ಲಿ ನೋಂದಣಿ ಟೇಬಲ್‌ನಲ್ಲಿ ಕೂತವರನ್ನು ಹಿಡಿದು ಕೇಳಿದೆ, ಯಾರ್‍ಯಾರು ವಾಪಸ್ ಹೋದರು, ಯಾಕೆ ಅಂತ. ಕಾರಣಗಳು ಕೆಲವೇ. ಇನ್ನೂ 18 ತುಂಬಿಲ್ಲ. ಎರಡು ತಿಂಗಳ ಹಿಂದೆ ಊರಲ್ಲಿ ಯಾರಿಗೋ ಕೊಟ್ಟಿದ್ದಾರೆ. ತೂಕ ಸಾಲದು. ಬೆಳಗ್ಗೆಯಿಂದ ಏನೂ ತಿಂದಿಲ್ಲ. ಹಿಮೋಗ್ಲೋಬಿನ್ ಕಡಿಮೆ. ಇದರಲ್ಲಿ ಕೊನೆಯದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಮನೆಯಲ್ಲಿ ಕೂತೇ ಗೊತ್ತಾಗುವಂಥದ್ದು, ಅಲ್ವಾ? ಅಲ್ಲಿಗೆ ನನ್ನ ಲೆಕ್ಕ ಸರಳವಾಯಿತು. ಓದುವವರು ತಾವೇ ನೋಡಿಕೊಳ್ಳಬಹುದಾದ ನಿಯಮ ಕ್ಯಾಪ್ಷನ್‌ಗೆ, ಪರೀಕ್ಷೆ ಮಾಡಿಯೇ ಹೇಳಬೇಕಾದದ್ದು ಡಾಕ್ಟರಿಗೆ.

ನಿಯಮದ ಪಟ್ಟಿಯನ್ನು ರಕ್ತನಿಧಿಯವರೇ ಕೊಟ್ಟರು. ಅದು ಉದ್ದ ಇದೆ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5, ಗಂಡಸರಿಗೆ ಎರಡು ದಾನಗಳ ನಡುವೆ 90 ದಿನ, ಹೆಂಗಸರಿಗೆ 120 ದಿನ, ಟ್ಯಾಟೂ ಆದರೆ 12 ತಿಂಗಳು, ಡೆಂಗ್ಯೂ ಬಂದಿದ್ದರೆ ವಾಸಿಯಾದ ಮೇಲೆ 6 ತಿಂಗಳು, ಹೀಗೆ ಹೋಗುತ್ತದೆ. ಇದನ್ನು ಹಾಗೇ ಎತ್ತಿ ಹಾಕಿದರೆ ಯಾರೂ ಲೆಕ್ಕ ಹಾಕುವುದಿಲ್ಲ. 90 ದಿನ ಅಂದ ಕೂಡಲೇ ಎಲ್ಲರೂ "ಆಯ್ತಪ್ಪ, ಮೂರು ತಿಂಗಳಾಯ್ತು ಅನ್ಸುತ್ತೆ" ಅಂತ ಅಂದಾಜಿಗೆ ಬಂದುಬಿಡುತ್ತಾರೆ. ಬಂದು ಫಾರಂ ತುಂಬುವಾಗ ನೋಡಿದರೆ ಇನ್ನೂ ಹತ್ತು ದಿನ ಬಾಕಿ.

ಅದಕ್ಕೆ ನಾನು ಮಾಡಿದ್ದು ಇಷ್ಟೇ, ದಿನಗಳನ್ನು ತಾರೀಖು ಮಾಡಿದೆ. ನಮ್ಮ ಶಿಬಿರ ಆಗಸ್ಟ್ 20ಕ್ಕೆ. ಅಲ್ಲಿಂದ 90 ದಿನ ಹಿಂದಕ್ಕೆ ಎಣಿಸಿದರೆ ಮೇ 22. 120 ದಿನ ಹಿಂದಕ್ಕೆ ಹೋದರೆ ಏಪ್ರಿಲ್ 22. ಈಗ ಓದುವವನು ಎಣಿಸಬೇಕಾಗಿಲ್ಲ. ಹೋದ ಸಲ ಕೊಟ್ಟ ಕಾರ್ಡ್ ತೆಗೆದು ತಾರೀಖು ನೋಡಿದರೆ ಮುಗಿಯಿತು. ಡೆಂಗ್ಯೂವಿಗೂ ಹೀಗೇ, ಫೆಬ್ರವರಿ 20. ವಯಸ್ಸಿನ ಸಾಲಿನಲ್ಲೂ ಸುಮ್ನೆ "18 ವರ್ಷ" ಅಂತ ಬರೆಯದೆ "ಆಗಸ್ಟ್ 20ಕ್ಕೆ 18 ತುಂಬಿರಬೇಕು" ಅಂತ ಬರೆದೆ. ಮೊದಲ ವರ್ಷದ ಡಿಗ್ರಿ ಹುಡುಗರಲ್ಲಿ ಎಷ್ಟೋ ಜನಕ್ಕೆ ಹದಿನೇಳೂವರೆ ಇರುತ್ತದೆ. "ಹದಿನೆಂಟು ನಡೀತಿದೆ ಅಣ್ಣಾ" ಅಂತ ಬಂದು ನಿಲ್ಲುತ್ತಾರೆ. ನಡೆಯುತ್ತಿದ್ದರೆ ಆಗಲ್ಲ, ತುಂಬಿರಬೇಕು.

ತೂಕದ ಸಾಲಿನಲ್ಲಿ ಸಮಸ್ಯೆ ಉಲ್ಟಾ. ಬರಬಹುದಾದವರೇ ಬರುವುದಿಲ್ಲ. 48 ಕೆಜಿ ಇರುವ ಹುಡುಗಿ "ನಾನು ಸಣ್ಣ, ನಂದೆಲ್ಲ ತಗೊಳ್ಳಲ್ಲ" ಅಂತ ತಾನೇ ತೀರ್ಮಾನ ಮಾಡಿಬಿಡುತ್ತಾಳೆ. 45 ಇದ್ದರೆ 350 ಮಿಲಿ ತೆಗೆಯುತ್ತಾರೆ, 55 ದಾಟಿದವರಿಂದ 450 ಮಿಲಿ ತೆಗೆಯಬಹುದು. ಹಾಗಾಗಿ "ತೂಕ ಕನಿಷ್ಠ 45 ಕೆಜಿ" ಅನ್ನುವುದರ ಪಕ್ಕದಲ್ಲೇ "ಸಣ್ಣಗಿದ್ದರೂ ಪರವಾಗಿಲ್ಲ" ಅಂತ ಸೇರಿಸಿದೆ. ಆ ಎರಡು ಪದ ಪೋಸ್ಟರ್‌ನ ಘೋಷಣೆಗಿಂತ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಅಭಿಪ್ರಾಯ.

ಹಿಮೋಗ್ಲೋಬಿನ್ 12.5 ಅನ್ನುವುದನ್ನು ಮಾತ್ರ ತೆಗೆದುಹಾಕಿದೆ. ಕ್ಲಬ್‌ನಲ್ಲಿ ಇದಕ್ಕೆ ಸ್ವಲ್ಪ ವಾದ ಆಯಿತು, ಮುಖ್ಯ ನಿಯಮ ಬಿಟ್ಟರೆ ಹೇಗೆ ಅಂತ. ಆದರೆ ತನ್ನ ಹಿಮೋಗ್ಲೋಬಿನ್ ಎಷ್ಟು ಅಂತ ಗೊತ್ತಿರುವ ವಿದ್ಯಾರ್ಥಿ ಯಾರು? ಆ ಅಂಕಿ ನೋಡಿ ಹೆದರಿ ಮನೆಯಲ್ಲೇ ಉಳಿಯುತ್ತಾರೆ ಅಷ್ಟೇ. ಬದಲಿಗೆ "ಬೆರಳ ತುದಿಯಿಂದ ಒಂದು ಹನಿ ತೆಗೆದು ಅಲ್ಲೇ ನೋಡುತ್ತಾರೆ" ಅಂತ ಬರೆದೆ. ಆ ಪರೀಕ್ಷೆ ನೋಡಿದವರಿಗೆ ಗೊತ್ತು, ನೀಲಿ ದ್ರಾವಣ ಇರುವ ಗಾಜಿನ ಪಾತ್ರೆಗೆ ರಕ್ತದ ಹನಿ ಬಿಡುತ್ತಾರೆ. ಹನಿ ಹದಿನೈದು ಸೆಕೆಂಡಿನೊಳಗೆ ತಳಕ್ಕೆ ಇಳಿದರೆ ಪಾಸ್. ಅರ್ಧದಲ್ಲೇ ನಿಂತು ಮೇಲಕ್ಕೆ ಬಂದರೆ ಸಾಲದು ಅಂತ. ಹಿಮೋಗ್ಲೋಬಿನ್ ಜಾಸ್ತಿ ಇದ್ದಷ್ಟೂ ಹನಿ ಭಾರ, 12.5 ಇರುವ ಹನಿಗೆ ಸರಿಹೊಂದುವಂತೆ ದ್ರಾವಣ ತಯಾರಿಸಿರುತ್ತಾರೆ. ಆ ನೀಲಿ ಬೇರೇನಲ್ಲ, ಮೈಲುತುತ್ತ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆ ಕೊನೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹಾಕುತ್ತೇವಲ್ಲ, ಅದೇ. ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಇದನ್ನು ಕೇಳಿ "ಹಂಗಾದ್ರೆ ನಮ್ಮನೆ ತುಂಬ ಇದೆ" ಅಂದ. ಕೆಲವು ಕಡೆ ಈಗ ಸಣ್ಣ ಮೀಟರ್‌ನಲ್ಲೂ ನೋಡುತ್ತಾರೆ.

ಊಟದ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಸಾಗರ, ತೀರ್ಥಹಳ್ಳಿ ಕಡೆಯಿಂದ ಬೆಳಗಿನ ಬಸ್ ಹಿಡಿದು ಬರುವವರು ತುಂಬ ಜನ. ತಿಂಡಿ ಬಿಟ್ಟು ಓಡಿ ಬಂದಿರುತ್ತಾರೆ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ತಲೆ ಸುತ್ತುವುದು ಜಾಸ್ತಿ, ಅದಕ್ಕೇ ಊಟ ಮಾಡಿ ನಾಲ್ಕು ಗಂಟೆಯೊಳಗೆ ಕೊಡಬೇಕು ಅಂತ ನಿಯಮ. ಇದರ ಜೊತೆಗೆ ಉಪವಾಸ. ಮೊದಲು ಅಂದುಕೊಂಡಿದ್ದ ಮಂಗಳವಾರ ಅಂಗಾರಕ ಸಂಕಷ್ಟಿ ಅಂತ ಕ್ಯಾಲೆಂಡರ್ ನೋಡಿದ ಮೇಲೆ ಗೊತ್ತಾಯಿತು. ಶ್ರಾವಣ ಬೇರೆ, ಸೋಮವಾರ ಶನಿವಾರವೂ ಕಷ್ಟ. ಬುಧವಾರಕ್ಕೆ ಹಾಕಿದ್ದು ಅದೇ ಕಾರಣಕ್ಕೆ.

ಒಂದು ಸಾಲನ್ನು ಬೇಕಂತಲೇ ಹೊರಗಿಟ್ಟೆ. "ಎಚ್‌ಐವಿ ಸೇರಿ ಐದು ಪರೀಕ್ಷೆ ಉಚಿತ" ಅಂತ ಹಾಕೋಣ, ಜನ ಬರುತ್ತಾರೆ ಅಂತ ಒಬ್ಬರು ಹೇಳಿದರು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ, ಇವಿಷ್ಟನ್ನು ಪ್ರತಿ ಬ್ಯಾಗ್‌ಗೂ ಮಾಡುತ್ತಾರೆ, ಅದು ನಿಜ. ಆದರೆ ಸೋಂಕು ತಗುಲಿದ ಮೊದಲ ಕೆಲವು ದಿನ ಪರೀಕ್ಷೆಯಲ್ಲಿ ಏನೂ ಕಾಣಿಸುವುದಿಲ್ಲ. ತನಗೇ ಅನುಮಾನ ಇದ್ದು, ಪರೀಕ್ಷೆ ಆಗಲಿ ಅಂತ ರಕ್ತ ಕೊಡಲು ಬರುವವನೇ ಇಲ್ಲಿ ಅಪಾಯ. ಅವನ ರಿಪೋರ್ಟ್ ಸರಿ ಬಂದು ಆ ರಕ್ತ ಇನ್ನೊಬ್ಬರಿಗೆ ಹೋಗಬಹುದು. ಅಂಥವರು ಹೋಗಬೇಕಾದದ್ದು ಸರ್ಕಾರಿ ಆಸ್ಪತ್ರೆಯಲ್ಲಿರುವ ಐಸಿಟಿಸಿ ಅನ್ನುವ ಎಚ್‌ಐವಿ ಪರೀಕ್ಷಾ ಕೇಂದ್ರಕ್ಕೆ, ಅಲ್ಲಿ ಉಚಿತವೂ ಹೌದು, ಗುಟ್ಟೂ ಉಳಿಯುತ್ತದೆ. ಶಿಬಿರಕ್ಕೆ ಕರೆಯುವ ಪೋಸ್ಟರ್‌ನಲ್ಲಿ ಪರೀಕ್ಷೆಯ ಆಸೆ ತೋರಿಸಬಾರದು. ಇದರ ಜೊತೆಗೇ ಬರುವ ಖಾಸಗಿ ಪ್ರಶ್ನೆಗಳನ್ನೂ ಕ್ಯಾಪ್ಷನ್‌ನಲ್ಲಿ ಪಟ್ಟಿ ಮಾಡಲಿಲ್ಲ. ಅದಕ್ಕೆ ಫಾರಂ ಇದೆ, ಪರದೆ ಹಿಂದೆ ಡಾಕ್ಟರ್ ಇದ್ದಾರೆ.

ಟೈಮಿಂಗ್ ಬಗ್ಗೆ ರಕ್ತನಿಧಿಯ ಮೇಡಂ ಒಂದು ಮಾತು ಹೇಳಿದರು. "ಶಿಬಿರ ಎಷ್ಟಕ್ಕೆ ಮುಗಿಯುತ್ತೆ ಅಂತ ಹಾಕ್ಬೇಡಿ, ಕೊನೇ ನೋಂದಣಿ ಎಷ್ಟಕ್ಕೆ ಅಂತ ಹಾಕಿ." ಒಂದೂವರೆಗೆ ಮುಕ್ತಾಯ ಅಂದರೆ ಒಂದೂ ಇಪ್ಪತ್ತೈದಕ್ಕೆ ಬರುವವರು ಇದ್ದೇ ಇರುತ್ತಾರೆ. ರಕ್ತನಿಧಿಯವರೂ ತಡ ಮಾಡುವ ಹಾಗಿಲ್ಲ. ಪ್ಲೇಟ್‌ಲೆಟ್ ಬೇಕು ಅಂದರೆ ರಕ್ತ ತೆಗೆದ ಆರೆಂಟು ಗಂಟೆಯೊಳಗೆ ಲ್ಯಾಬ್‌ನಲ್ಲಿ ಬೇರ್ಪಡಿಸಬೇಕು, ಮೊದಲ ಬ್ಯಾಗ್ ತುಂಬಿದ ಹೊತ್ತಿನಿಂದಲೇ ಗಡಿಯಾರ ಓಡುತ್ತಿರುತ್ತದೆ. ಆಗಸ್ಟ್ ಅಂದರೆ ನಮ್ಮಲ್ಲಿ ಡೆಂಗ್ಯೂ ಕಾಲ, ಪ್ಲೇಟ್‌ಲೆಟ್‌ಗೆ ಕೇಳುವವರು ಆಗಲೇ ಜಾಸ್ತಿ.

ಇನ್ನೊಂದು ಲೆಕ್ಕ ಮಂಚದ್ದು. ಅವರು ತರುವುದು ನಾಲ್ಕು ಮಂಚ. ರಕ್ತ ತುಂಬುವುದಕ್ಕೆ ಹತ್ತು ನಿಮಿಷ ಬೇಡ, ಆದರೆ ಮಲಗಿ, ತೋಳು ಒರೆಸಿ, ಚುಚ್ಚಿ, ಎದ್ದು ಹೋಗುವ ಹೊತ್ತಿಗೆ ಹದಿನೈದು ನಿಮಿಷ. ಅಂದರೆ ಗಂಟೆಗೆ 16 ಜನ. ಹನ್ನೆರಡೂವರೆಗೆ ಕ್ಲಾಸ್ ಬಿಟ್ಟ ಮೇಲೆ ಮೂವತ್ತು ಜನ ಒಟ್ಟಿಗೆ ಬಂದರೆ ಕೊನೆಯವನಿಗೆ ಸುಮಾರು ಎರಡು ಗಂಟೆ ಕಾಯುವ ಕೆಲಸ. ಕಾದು ಬೇಸತ್ತು ಹೋದವನು ಮುಂದಿನ ಸಲ ಬರುವುದಿಲ್ಲ. ಹಾಗಾಗಿ ಪ್ರಿನ್ಸಿಪಾಲರ ಹತ್ತಿರ ಮಾತಾಡಿ ಕ್ಲಾಸ್‌ವಾರು ಹೊತ್ತು ಹಂಚಿದೆವು.

ಕೊನೆಗೆ ಹೋದ ಬರಹ ಇದು:

ಆಗಸ್ಟ್ 20, ಬುಧವಾರ. ಕಾಲೇಜಿನ ಸೆಮಿನಾರ್ ಹಾಲ್.
ಬೆಳಗ್ಗೆ 9:30ಕ್ಕೆ ಶುರು. ಕೊನೇ ನೋಂದಣಿ ಮಧ್ಯಾಹ್ನ 1:00.
ಬಿಎ 9:30, ಬಿಎಸ್ಸಿ 10:30, ಬಿಕಾಂ 11:30. ಹೊರಗಿನವರು ಯಾವಾಗ ಬೇಕಾದರೂ ಬನ್ನಿ. ಒಟ್ಟು ಮುಕ್ಕಾಲು ಗಂಟೆ ಹಿಡಿಯುತ್ತದೆ.
ಆಗಸ್ಟ್ 20ಕ್ಕೆ 18 ತುಂಬಿರಬೇಕು, ಐಡಿ ತನ್ನಿ. ತೂಕ ಕನಿಷ್ಠ 45 ಕೆಜಿ, ಸಣ್ಣಗಿದ್ದರೂ ಪರವಾಗಿಲ್ಲ.
ಹುಡುಗರು ಮೇ 22ರ ನಂತರ, ಹುಡುಗಿಯರು ಏಪ್ರಿಲ್ 22ರ ನಂತರ ಕೊಟ್ಟಿದ್ದರೆ ಈ ಸಲ ಬೇಡ.
ಒಂದು ವರ್ಷದೊಳಗೆ ಟ್ಯಾಟೂ ಹಾಕಿಸಿದ್ದರೆ, ಕಿವಿ ಮೂಗು ಚುಚ್ಚಿಸಿದ್ದರೆ ಬೇಡ. ಡೆಂಗ್ಯೂ ಬಂದು ಫೆಬ್ರವರಿ 20ರ ನಂತರ ವಾಸಿಯಾಗಿದ್ದರೆ ಬೇಡ. ಈಗ ಜ್ವರ, ನೆಗಡಿ ಇದ್ದರೆ, ಮುಟ್ಟಾಗಿದ್ದರೆ ಬೇಡ.
ತಿಂಡಿ ತಿಂದು, ನೀರು ಕುಡಿದು, ರಾತ್ರಿ ಸರಿಯಾಗಿ ನಿದ್ದೆ ಮಾಡಿ ಬನ್ನಿ.
ಹಿಮೋಗ್ಲೋಬಿನ್‌ಗೆ ಬೆರಳ ತುದಿಯಿಂದ ಒಂದು ಹನಿ ತೆಗೆದು ಅಲ್ಲೇ ನೋಡುತ್ತಾರೆ, ಬಿಪಿಯೂ ಅಲ್ಲೇ. ಮಾತ್ರೆ ತಗೊಳ್ಳುತ್ತಿದ್ದರೆ, ಬೇರೆ ಕಾಯಿಲೆ ಇದ್ದರೆ ಡಾಕ್ಟರಿಗೆ ಹೇಳಿ, ಅವರದ್ದೇ ಕೊನೇ ಮಾತು.

ಮುಟ್ಟಿನ ಸಾಲು ಬರೆಯಬೇಕೋ ಬೇಡವೋ ಅಂತ ನಾನು ಹಿಂದೆಮುಂದೆ ನೋಡಿದೆ. ಕ್ಲಬ್‌ನ ಹುಡುಗಿಯರೇ "ಹಾಕಿ, ಟೇಬಲ್ ಹತ್ರ ಬಂದು ಎಲ್ಲರೆದುರು ಹೇಳೋದಕ್ಕಿಂತ ವಾಸಿ" ಅಂದರು. ಹಾಕಿದೆ.

ಪೋಸ್ಟ್ ಹೋದ ದಿನವೇ ಪ್ರಶ್ನೆಗಳು ಶುರುವಾದವು, ಹೆಚ್ಚಿನವು ಮೂಗುತಿಯವು. ಚಿಕ್ಕಂದಿನಲ್ಲಿ ಚುಚ್ಚಿಸಿದ್ದು ಲೆಕ್ಕಕ್ಕಿಲ್ಲ ಅಂತ ಉತ್ತರ ಹಾಕಿ ಹಾಕಿ ಸಾಕಾಗಿ ಅದನ್ನೂ ಕೊನೆಗೆ ಒಂದು ಸಾಲು ಸೇರಿಸಿದೆ. ಶಿಬಿರದ ದಿನ ಟೇಬಲ್‌ನಿಂದ ವಾಪಸ್ ಹೋದವರಲ್ಲಿ ಹೆಚ್ಚಿನವರು ಹಿಮೋಗ್ಲೋಬಿನ್ ಕಡಿಮೆ ಇದ್ದವರು, ಅದಕ್ಕೆ ಕ್ಯಾಪ್ಷನ್ ಏನೂ ಮಾಡುವ ಹಾಗಿಲ್ಲ. ತಾರೀಖಿನ ವಿಷಯಕ್ಕೆ ಒಬ್ಬನೂ ವಾಪಸ್ ಹೋಗಲಿಲ್ಲ.

ತಾರೀಖು ಹಾಕುವುದರಲ್ಲಿ ಒಂದು ತೊಂದರೆ ಮಾತ್ರ ಇದೆ. ಭದ್ರಾವತಿಯ ಗೆಳೆಯನೊಬ್ಬ ತಮ್ಮ ಸೆಪ್ಟೆಂಬರ್ 24ರ ಶಿಬಿರಕ್ಕೆ ಇದನ್ನೇ ಕಾಪಿ ಮಾಡಿದ, ದಿನ ಮತ್ತು ಜಾಗ ಬದಲಾಯಿಸಿ ಮೇ 22 ಮತ್ತು ಏಪ್ರಿಲ್ 22 ಹಾಗೇ ಬಿಟ್ಟಿದ್ದ. ಫೋನ್ ಮಾಡಿ ಜೂನ್ 26, ಮೇ 27 ಅಂತ ತಿದ್ದಿಸಿದೆ. ನೀವೂ ತಗೊಳ್ಳುವುದಾದರೆ ತಗೊಳ್ಳಿ, ಆದರೆ ಮೊಬೈಲ್ ಕ್ಯಾಲೆಂಡರ್‌ನಲ್ಲಿ 90 ಮತ್ತು 120 ದಿನ ಹಿಂದಕ್ಕೆ ಎಣಿಸಿ, ಡೆಂಗ್ಯೂ ಸಾಲಿಗೆ ಆರು ತಿಂಗಳು ಹಿಂದಕ್ಕೆ ಹೋಗಿ, ನಿಮ್ಮ ರಕ್ತನಿಧಿಯವರಿಗೆ ಒಮ್ಮೆ ತೋರಿಸಿ ಹಾಕಿ.