ಕರಡಿನಲ್ಲಿ ನನ್ನ ಆಲೋಚನೆ ಕಂಡಾಗ

ಸಂಶೋಧನೆಯ ಎರಡನೆಯ ವರ್ಷದಲ್ಲಿ ನಮ್ಮ ತಂಡದ ಹಿರಿಯರೊಬ್ಬರು ತಮ್ಮ ಲೇಖನದ ಕರಡನ್ನು ಎಲ್ಲರಿಗೂ ಕಳುಹಿಸಿದರು. ವಿಫಲವೆಂದು ಬದಿಗಿಟ್ಟಿದ್ದ ರಕ್ತದ ಮಾದರಿಗಳೆಲ್ಲವೂ ಒಂದಕ್ಕಿಂತ ಹೆಚ್ಚು ಸಲ ಕರಗಿಸಿ ಮತ್ತೆ ಮಂಜುಗಡ್ಡೆಯಂತೆ ಗಟ್ಟಿಯಾಗಿಸಿದವೇ ಆಗಿವೆ, ಒಂದೇ ಮಾದರಿಯನ್ನು ಭಾಗ ಮಾಡಿ ಒಂದು, ಮೂರು ಮತ್ತು ಐದು ಸಲ ಕರಗಿಸಿ ನೋಡೋಣ ಎಂದು ನಾಲ್ಕು ತಿಂಗಳ ಹಿಂದಿನ ಸಭೆಯಲ್ಲಿ ನಾನು ಹೇಳಿದ್ದೆ. ಕರಡಿನ ಮುಖ್ಯ ಪ್ರಶ್ನೆ ಅದೇ ಆಗಿತ್ತು, ಆದರೆ ನನ್ನ ಹೆಸರು ಎಲ್ಲಿಯೂ ಇರಲಿಲ್ಲ.

ಆ ದಿನ ಉತ್ತರ ಬರೆಯಲಿಲ್ಲ. ಮರುದಿನ ದಿನಾಂಕವಿದ್ದ ಪ್ರಯೋಗ ಪುಸ್ತಕದ ಪುಟವನ್ನೂ ಸಭೆಗೆ ಮುನ್ನ ನಾನು ಕಳುಹಿಸಿದ್ದ ಸ್ಲೈಡನ್ನೂ ಹುಡುಕಿ ತೆಗೆದೆ. ಅದಕ್ಕಿಂತ ಕಷ್ಟವಾದದ್ದು ನನಗೆ ವಿರುದ್ಧವಾದ ಸಾಕ್ಷ್ಯವನ್ನು ಹುಡುಕುವುದು. ಸಭೆಗೂ ಮೊದಲು ಅವರು ಬರೆದಿದ್ದ ಯೋಜನಾ ಪ್ರಸ್ತಾವನೆಯಲ್ಲಿ ಶೇಖರಣೆಯ ತಾಪಮಾನದ ಮಾತಿತ್ತು, ಕರಗಿಸಿದ ಸಲಗಳ ಎಣಿಕೆ ಇರಲಿಲ್ಲ. ಪದೇ ಪದೇ ಕರಗಿಸಿದರೆ ಕೆಲವು ಪ್ರೋಟೀನುಗಳು ಹಾಳಾಗಬಹುದೆಂಬುದು ಈ ಕ್ಷೇತ್ರದಲ್ಲಿ ತಿಳಿದ ವಿಷಯವೇ. ಆದ್ದರಿಂದ ನಾನು ನನ್ನದೆನ್ನಬಹುದಾದದ್ದು ನಮ್ಮ ವೈಫಲ್ಯಕ್ಕೂ ಆ ಎಣಿಕೆಗೂ ಇರುವ ನಂಟು ಮತ್ತು ಅದನ್ನು ಪರೀಕ್ಷಿಸುವ ವಿಧಾನ ಮಾತ್ರ. ಹಕ್ಕನ್ನು ಹೀಗೆ ಕಿರಿದು ಮಾಡಿಕೊಂಡ ಮೇಲೆ ಸಿಟ್ಟೂ ಅಷ್ಟೇ ಕಿರಿದಾಯಿತು.

ಎಲ್ಲರಿಗೂ ಹೋಗುವ ಮಿಂಚಂಚೆಯಲ್ಲಿ ಪ್ರಸ್ತಾಪಿಸದೆ, ಕರಡಿನ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಬೇಕೆಂದು ಅವರೊಬ್ಬರಿಗೇ ಬರೆದೆ. ಎದುರು ಕುಳಿತಾಗ, "ಸರ್, ಈ ಪರೀಕ್ಷೆಯನ್ನು ನಾನು ಸಭೆಯಲ್ಲಿ ಸೂಚಿಸಿದ್ದೆ. ಲೇಖನದಲ್ಲಿ ನನ್ನ ಪಾಲನ್ನು ಹೇಗೆ ತೋರಿಸುವುದು ಸರಿ?" ಎಂದು ಕೇಳಿದೆ. "ಅದು ಚರ್ಚೆಯಲ್ಲಿ ಎಲ್ಲರೂ ಸೇರಿ ಹೊಳೆದದ್ದಲ್ಲವೇ?" ಎಂದರು. ಸ್ಲೈಡನ್ನು ಮುಂದಿಟ್ಟು ಸುಮ್ಮನಿದ್ದೆ. ಅವರು ಅದನ್ನು ಎರಡು ಸಲ ಓದಿದರು. ನಿಜಕ್ಕೂ ಮರೆತಿದ್ದರೋ ಇಲ್ಲವೋ ಎಂಬುದನ್ನು ನಾನು ಕೆದಕಲಿಲ್ಲ. ಕೆದಕಿದ್ದರೆ ಮಾತು ಅವರ ಪ್ರಾಮಾಣಿಕತೆಯ ಕಡೆಗೆ ತಿರುಗಿ, ಲೇಖನ ಅಲ್ಲಿಯೇ ಉಳಿಯುತ್ತಿತ್ತು.

ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಶಿಫಾರಸಿನಂತೆ ಆಲೋಚನೆಯೊಂದರಿಂದಲೇ ಯಾರೂ ಲೇಖಕರಾಗುವುದಿಲ್ಲ. ಬರವಣಿಗೆಯಲ್ಲಿ ಅಥವಾ ಗಂಭೀರ ಪರಿಷ್ಕರಣೆಯಲ್ಲಿ ಪಾಲ್ಗೊಳ್ಳಬೇಕು, ಅಂತಿಮ ಪ್ರತಿಗೆ ಒಪ್ಪಿಗೆ ಕೊಡಬೇಕು, ಕೆಲಸಕ್ಕೆ ಹೊಣೆಯಾಗಿರಬೇಕು. ಇದನ್ನು ಮೊದಲೇ ಓದಿಕೊಂಡಿದ್ದರಿಂದ ಹೆಸರನ್ನಷ್ಟೇ ಕೇಳದೆ, ಆ ಭಾಗದ ವಿಶ್ಲೇಷಣೆಯನ್ನೂ ಬರವಣಿಗೆಯನ್ನೂ ನನಗೆ ಕೊಡಿ ಎಂದು ಕೇಳಿದೆ. ಅವರು ಒಪ್ಪಿದರು. ಅದೇ ಸಂಜೆ, ಯಾವ ಭಾಗ, ಯಾವ ದಿನಾಂಕದೊಳಗೆ, ಲೇಖಕರ ಪಟ್ಟಿಯಲ್ಲಿ ಮೂರನೆಯ ಸ್ಥಾನ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು, "ತಪ್ಪಿದ್ದರೆ ತಿದ್ದಿ" ಎಂದು ಕಳುಹಿಸಿದೆ. "ಸರಿ ಇದೆ" ಎಂಬ ಉತ್ತರ ಬಂದಿತು.

ಒಪ್ಪದಿದ್ದರೆ ವಿಭಾಗದ ಮುಖ್ಯಸ್ಥರ ಬಳಿಗೆ ಹೋಗಬೇಕೆಂದಿದ್ದೆ, ಪತ್ರಿಕೆಯ ಬಳಿಗಲ್ಲ. ಲೇಖಕತ್ವದ ಜಗಳವನ್ನು ಸಾಮಾನ್ಯವಾಗಿ ಸಂಪಾದಕರು ತೀರ್ಮಾನಿಸುವುದಿಲ್ಲ, ಸಂಸ್ಥೆಗೇ ಹಿಂದಿರುಗಿಸುತ್ತಾರೆ. ಲೇಖನವನ್ನು ಸಲ್ಲಿಸಿದ ಮೇಲೆ ಹೆಸರು ಸೇರಿಸಲು ಎಲ್ಲ ಲೇಖಕರ ಒಪ್ಪಿಗೆಯೂ ಬೇಕಾಗುವುದರಿಂದ ಕರಡಿನ ಹಂತದಲ್ಲೇ ಕೇಳಿದ್ದು ಉಪಕಾರವಾಯಿತು. ಆದರೆ ಸಮ್ಮೇಳನಕ್ಕೆ ಆಗಲೇ ಹೋಗಿದ್ದ ಸಾರಾಂಶ ಇಂದಿಗೂ ನನ್ನ ಹೆಸರಿಲ್ಲದೆಯೇ ಇದೆ.